ಕಣ್ಣು ಮಂದವಿರುವ ಅಕ್ಕನ ಜೊತೆ ಪ್ರವಾಸ: ಜಲಪಾತವೋ, ಸುಗಂಧದ ಊರೋ, ಕಡಲ ಆರ್ಗನ್ನೋ?

ತಿರುಗಾಟಗಾರ
ಎಲ್ರಿಗೂ ನಮಸ್ಕಾರ. ಅಕ್ಕನಿಗೆ ಈಗ 51. ರೆಟಿನೈಟಿಸ್ ಪಿಗ್ಮೆಂಟೋಸಾ. ನಡುವೆ ಒಂದಿಷ್ಟು ಕಾಣತ್ತೆ, ಕೊಳವೆಯೊಳಗಿಂದ ನೋಡಿದ ಹಾಗೆ. ಸುತ್ತಲಿನದು ಹೋಗಿದೆ. ಫೋನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದ್ತಾಳೆ, ಆದರೆ ಹೊತ್ತು ಮುಳುಗಿದ ಮೇಲೆ ಪೂರ್ತಿ ಕತ್ತಲೆ. ಬಿಳಿ ಕೋಲು ಹಿಡಿದು ಮೂರು ವರ್ಷ ಆಯ್ತು.

ಹೋದ ಸಲ ಇಬ್ಬರೂ ಬೆಟ್ಟದ ಊರೊಂದಕ್ಕೆ ಹೋಗಿದ್ವಿ. ಪ್ರತಿ ವ್ಯೂ ಪಾಯಿಂಟಲ್ಲೂ ನಾನು ನಿಂತು ವಿವರಿಸಿದ್ದೇ ವಿವರಿಸಿದ್ದು: ಅಲ್ಲಿ ಮೋಡ, ಇಲ್ಲಿ ಕಣಿವೆ, ಕೆಳಗೆ ಕೆರೆ. ಮೂರನೇ ದಿನ ಅಕ್ಕ ಹೇಳಿದ್ಲು, "ಸಾಕು ಮಾರಾಯ. ಈ ಕಾಮೆಂಟರಿನ ಮನೇಲಿ ಸೋಫಾ ಮೇಲೆ ಕೂತೇ ಕೇಳಬಹುದಿತ್ತು." ತಪ್ಪು ಅವಳದ್ದಲ್ಲ, ಜಾಗ ಆರಿಸಿದ ನನ್ನದು.

ಈ ಸಲ ಕಿವಿ, ಮೂಗು, ಕೈ, ನಾಲಿಗೆಗೆ ಸಿಗೋ ಜಾಗ ಬೇಕು. ಒಂಬತ್ತು-ಹತ್ತು ದಿನ ಇದೆ, ನಾವಿಬ್ಬರೇ. ಪಟ್ಟಿಯಲ್ಲಿ ಮೂರು ಉಳಿದಿವೆ: ಅರ್ಜೆಂಟೀನಾ-ಬ್ರೆಜಿಲ್ ಗಡಿಯ ಇಗುವಾಸು ಜಲಪಾತ, ಫ್ರಾನ್ಸಿನ ಸುಗಂಧದ ಊರು ಗ್ರಾಸ್, ಕ್ರೊಯೇಷಿಯಾದ ಜಾದರ್ (ಅಲೆಗಳೇ ನುಡಿಸೋ ಕಡಲ ಆರ್ಗನ್ ಇರೋ ಊರು). ಟಿಕೆಟ್ ಇನ್ನೂ ಮಾಡಿಲ್ಲ. ಯಾವುದು, ಯಾಕೆ?

ಸುಮ್ನೆ ಬಂದವ
ಇದರಲ್ಲಿ ಯೋಚಿಸೋದೇನಿದೆ? ಇಗುವಾಸು. ಕಿಲೋಮೀಟರ್ ದೂರದಿಂದಲೇ ಮೊರೆತ ಕೇಳತ್ತೆ, ಮೈಯೆಲ್ಲ ನೀರಿನ ಸಿಡಿತ. ಕಣ್ಣು ಕಾಣದವರಿಗೆ ಕಿವಿ ಹೇಗೂ ಚುರುಕು. ಇದಕ್ಕಿಂತ ದೊಡ್ಡ ಸದ್ದು ಭೂಮಿ ಮೇಲೆ ಎಲ್ಲಿ ಸಿಗತ್ತೆ?

ಕೋಲುಸಪ್ಪಳ
ನನಗೂ ಅದೇ ಖಾಯಿಲೆ, ಕೋಲು ಹಿಡಿದು ಹದಿನಾಲ್ಕು ವರ್ಷ. ಮೊದಲು ಒಂದು ಮಾತು: ನನ್ನ ಕಿವಿ ನಿಮ್ಮದಕ್ಕಿಂತ ಚುರುಕಲ್ಲ. ನೀವು ಕೇಳಿಸಿಕೊಳ್ಳದೆ ಬಿಡೋದನ್ನ ನಾನು ಬಿಡಲ್ಲ, ಅಷ್ಟೇ.

ಈಗ ಸದ್ದಿನ ವಿಷಯ. ದೊಡ್ಡ ಸದ್ದು ಬೇರೆ, ತುಂಬಿದ ಸದ್ದು ಬೇರೆ. ಜಲಪಾತದ ಹತ್ತಿರ ಹೋದಷ್ಟೂ ಮೊರೆತ ಎಲ್ಲ ಕಡೆಯಿಂದ ಒಂದೇ ಸಮ ಬರತ್ತೆ. ಎಡ ಯಾವುದು, ಬಲ ಯಾವುದು, ಹಿಂದೆ ಜನ ಬರ್ತಿದಾರಾ, ಪಕ್ಕದಲ್ಲಿ ಗೋಡೆ ಇದೆಯಾ, ಏನೂ ತಿಳಿಯಲ್ಲ. ನಿಮಗೆ ಮಂಜು ಮುಸುಕಿದರೆ ಹೇಗೋ ಹಾಗೆ. ಕೋಲಿನ ಟಕ್ ಟಕ್ ನೆಲ ಟೊಳ್ಳೋ ಗಟ್ಟಿಯೋ ಹೇಳ್ತಿರತ್ತೆ, ಅದೂ ಮುಳುಗಿ ಹೋಗತ್ತೆ. ತಮ್ಮ ಏನಾದರೂ ಹೇಳೋಣ ಅಂದರೆ ಕಿವಿಗೆ ಬಾಯಿಟ್ಟು ಕೂಗಬೇಕು.

ನಾನು ಜಾಗ ಆರಿಸೋದು ಹೀಗೆ. ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಯಾರೋ ಮಾಡಿದ ರೆಕಾರ್ಡಿಂಗ್ ಹುಡುಕ್ತೀನಿ. ಸಂಗೀತ ಸೇರಿಸಿದ ವಿಡಿಯೋ ಪ್ರಯೋಜನ ಇಲ್ಲ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಎಣಿಸ್ತೀನಿ: ಎಷ್ಟು ಸದ್ದು ಬಿಡಿಬಿಡಿಯಾಗಿ ಸಿಗತ್ತೆ? ಅದರಲ್ಲಿ ಎಷ್ಟು ಜಾಗ ಬಿಟ್ಟು ಕದಲಲ್ಲ? ಕಾರಂಜಿ, ಗಡಿಯಾರದ ಗೋಪುರ, ದಡಕ್ಕೆ ಬಡಿಯೋ ನೀರು, ಇಂಥವು ಮೂರು ನಾಲ್ಕು ಸಿಕ್ಕರೆ ಆ ಊರಿನ ನಕ್ಷೆ ಎರಡನೇ ದಿನಕ್ಕೆ ನನ್ನ ತಲೆಯಲ್ಲಿ ಕೂತಿರತ್ತೆ. ಒಂದೇ ಗುಂಯ್ ಅಂದರೆ ಬಿಟ್ಟೆ.

ಅಪ್ಪನ ಮಗಳು
ಕ್ಷಮಿಸಿ, ಒಪ್ಪಲ್ಲ. ನಮ್ಮಪ್ಪನಿಗೂ ಮಂದದೃಷ್ಟಿ. ಇಗುವಾಸುಗೆ ಕರ್ಕೊಂಡು ಹೋಗಿದ್ದೆ, ಅವರ ಜೀವನದ ಅತಿ ಒಳ್ಳೆ ದಿನ ಅದು. ಕೊನೇ ಕಟ್ಟೆಯಲ್ಲಿ ಕಂಬಿ ಹಿಡಿದು ನಿಂತರೆ ಕಂಬಿ ಕೈಯಲ್ಲಿ ನಡುಗತ್ತೆ. ಅಪ್ಪ ಅರ್ಧ ಗಂಟೆ ಅಲ್ಲಿಂದ ಅಲ್ಲಾಡಲಿಲ್ಲ. "ಬೆಳ್ಳಗೆ ಏನೋ ಇಳೀತಾ ಇದೆ, ಇಳೀತಾನೇ ಇದೆ" ಅಂತಿದ್ರು.

ಕೋಲುಸಪ್ಪಳ
ನಿಮ್ಮಪ್ಪನಿಗೆ ಮ್ಯಾಕ್ಯುಲಾ ತೊಂದರೆಯಾ? ನಡುವೆ ಮಸುಕು, ಅಂಚಲ್ಲಿ ಕಾಣೋದು?

ಅಪ್ಪನ ಮಗಳು
ಹೌದು. ಹೇಗೆ ಗೊತ್ತಾಯ್ತು? ಮುಖ ಗುರುತು ಸಿಗಲ್ಲ, ಓದೋಕಾಗಲ್ಲ. ಓಡಾಟಕ್ಕೆ ತೊಂದರೆ ಇಲ್ಲ, ಕೋಲೂ ಇಲ್ಲ.

ಕೋಲುಸಪ್ಪಳ
"ಇಳೀತಾನೇ ಇದೆ" ಅಂದ್ರಲ್ಲ, ಅದರಿಂದ. ಅಂಚಿನ ದೃಷ್ಟಿ ಚಲನೆಯನ್ನ ಚೆನ್ನಾಗಿ ಹಿಡಿಯತ್ತೆ. ಅಷ್ಟು ದೊಡ್ಡ ಬಿಳಿ ಚಲನೆ ಅವರಿಗೆ ನಿಜಕ್ಕೂ ಕಂಡಿರತ್ತೆ. ಇವರ ಅಕ್ಕನಿಗೆ ಇರೋದು ಅದರ ತದ್ವಿರುದ್ಧ. ಕೊಳವೆಯಲ್ಲಿ ಒಂದು ತುಣುಕು ನೀರು ಕಾಣತ್ತೆ, ಉಳಿದದ್ದು ಸದ್ದು ಮಾತ್ರ. ಕಾಲ ಬಳಿ ಏನಿದೆ ಅನ್ನೋದು ಕಾಣೋದೇ ಇಲ್ಲ.

ಇನ್ನೊಂದು ಸಣ್ಣ ವಿಷಯ, ನಿಮ್ಮಪ್ಪನಿಗೆ ಕೋಲು ಇಲ್ಲದ್ದರಿಂದ ಗಮನಕ್ಕೆ ಬಂದಿರಲಿಕ್ಕಿಲ್ಲ. ಅರ್ಜೆಂಟೀನಾ ಕಡೆ ಗಾರ್ಗಾಂತಾ ದೆಲ್ ದಿಯಾಬ್ಲೋ ಅನ್ನೋ ಅತಿ ದೊಡ್ಡ ಧಾರೆಗೆ ಹೋಗೋ ಕಾಲುದಾರಿ ಒಂದು ಕಿಲೋಮೀಟರಿಗೂ ಮೇಲೆ, ನೆಲವೆಲ್ಲ ಲೋಹದ ಜಾಲರಿ. ಸಪೂರ ತುದಿಯ ಕೋಲು ಜಾಲರಿಯ ಕಿಂಡಿಗೆ ಸಿಕ್ಕಿಕೊಳ್ಳತ್ತೆ, ಹಿಡಿಕೆ ಬಂದು ಹೊಟ್ಟೆಗೆ ಗುದ್ದತ್ತೆ. ಹೋಗೋದಾದರೆ ಉರುಳೋ ಚೆಂಡಿನ ತುದಿ ಹಾಕಿಸಿ ಹೋಗಬೇಕು.

ಅಪ್ಪನ ಮಗಳು
ಅದು ಸರಿ ಇರಬಹುದು. ಆದರೂ ಕಂಬಿ ನಡುಗೋದು, ಮುಖಕ್ಕೆ ನೀರು ಎರಚೋದು ಕೊಳವೆ ದೃಷ್ಟಿಯವರಿಗೂ ಇದ್ದೇ ಇದೆಯಲ್ಲ. ಜಾಗವನ್ನೇ ಪಟ್ಟಿಯಿಂದ ಹೊಡೆದು ಹಾಕೋದು ಅತಿ ಆಯ್ತು.

ಆರೋಗ್ಯವೇ ಭಾಗ್ಯ
ತಿರುಗಾಟಗಾರರೇ, ಪ್ರವಾಸಕ್ಕೆ ಹಾಕೋ ದುಡ್ಡಲ್ಲಿ ಅಕ್ಕನಿಗೆ ಒಳ್ಳೆ ಕಡೆ ತೋರಿಸಿ. ಕಣ್ಣಿನ ವ್ಯಾಯಾಮ, ಕ್ಯಾರೆಟ್ ರಸ, ಬೆಳಿಗ್ಗೆ ಸೂರ್ಯನನ್ನು ನೋಡೋದು…

ನೇರನುಡಿ
ಪ್ರಶ್ನೆ ಓದಿ ಸ್ವಾಮಿ. ಮತ್ತೆ ಆ ಕಾಯಿಲೆ ಇರೋರಿಗೆ ಸೂರ್ಯನನ್ನ ನೋಡಿ ಅಂತ ದಯವಿಟ್ಟು ಎಲ್ಲೂ ಬರೀಬೇಡಿ. ಯಾರಿಗೂ ಬರೀಬೇಡಿ.

ಮೂಗುತಿ
ಗ್ರಾಸ್ ಬಗ್ಗೆ ನಾನು ಹೇಳಬಹುದು, ಸುಗಂಧದ ಹುಚ್ಚಿಗೆ ಹೋಗಿ ಬಂದವಳು. ಅಲ್ಲಿನ ಸುಗಂಧ ವಿದ್ಯೆಯನ್ನ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದೆ, ಆ ಹೆಸರು ಸುಳ್ಳಲ್ಲ. ಆದರೆ ರಸ್ತೆಗೆ ಇಳಿದ ಕೂಡಲೇ ಊರೆಲ್ಲ ಘಮ್ ಅನ್ನತ್ತೆ ಅಂದುಕೊಂಡು ಹೋದರೆ ನಿರಾಶೆ ಗ್ಯಾರಂಟಿ. ವಾಸನೆ ಇರೋದು ಕಾರ್ಖಾನೆಯ ಕೋಣೆಗಳಲ್ಲಿ, ಸೀಸೆಗಳಲ್ಲಿ. ಬಯಲಲ್ಲಿ ಬೇಕು ಅಂದರೆ ಕಾಲ ನೋಡಬೇಕು: ಗುಲಾಬಿ ಮೇ ತಿಂಗಳಲ್ಲಿ, ಮಲ್ಲಿಗೆ ಆಗಸ್ಟ್‌ನಿಂದ. ಪಕ್ಕದ ಮುವಾನ್ಸ್-ಸಾರ್ತೂದಲ್ಲಿ ಸುಗಂಧ ಮ್ಯೂಸಿಯಂನವರದ್ದೇ ತೋಟ ಇದೆ, ಅಲ್ಲಿ ಎಲೆ ಉಜ್ಜಿ ಮೂಸಬಹುದು. ನನಗೆ ಊರಿಗಿಂತ ತೋಟವೇ ಹಿಡಿಸಿತು.

ದೊಡ್ಡ ತೊಂದರೆ ಮೂಗಿನದ್ದು. ನಾಲ್ಕೈದು ಸೀಸೆ ಆಗೋ ಹೊತ್ತಿಗೆ ಮೂಗು ಮುಷ್ಕರ ಹೂಡತ್ತೆ. ಒಂದೇ ವಾಸನೆಯ ಕೋಣೆಯಲ್ಲಿ ಕೂತರೆ ಕೆಲವೇ ನಿಮಿಷಕ್ಕೆ ಅದು ಇಲ್ಲವೇ ಇಲ್ಲ ಅನ್ನೋ ಹಾಗಾಗತ್ತೆ. ಅದಕ್ಕೆ ಮದ್ದು, ನಡುನಡುವೆ ಕಾಫಿ ಬೀಜ ಮೂಸೋದು. ಮೂಗು ಮೊದಲಿನಂತಾಗತ್ತೆ.

ನೇರನುಡಿ
ಮೂಗು ಸುಸ್ತಾಗೋದು ನಿಜ. ಕಾಫಿ ಬೀಜ ಸುಗಂಧದ ಅಂಗಡಿಯವರ ಶಾಸ್ತ್ರ. ಸುಮ್ಮನೆ ಗಾಳಿ ಎಳೆದುಕೊಂಡರೂ ಅಷ್ಟೇ ಫಲ. ಸುಸ್ತಾದ ಮೂಗಿಗೆ ಇನ್ನೊಂದು ಘಾಟು ಯಾಕೆ ತುರುಕಬೇಕು? ಹೊರಗೆ ಬಂದು ಹತ್ತು ನಿಮಿಷ ನಿಲ್ಲಿ, ಇಲ್ಲಾ ನಿಮ್ಮದೇ ಮೊಣಕೈ ಮಡಿಕೆ ಮೂಸಿ.

ಮೂಗುತಿ
ನನಗಂತೂ ಕಾಫಿ ಕೆಲಸ ಮಾಡಿದೆ. ಇರಲಿ.

ಕೋಲುಸಪ್ಪಳ
ಮೂಗುತಿ ಹೇಳಿದ "ಇಲ್ಲವೇ ಇಲ್ಲ ಅನ್ನೋ ಹಾಗಾಗತ್ತೆ" ಅನ್ನೋ ಮಾತು ಹಿಡಿದುಕೊಳ್ಳಿ. ಮೂಗಿಗೆ ಬೇಕಿರೋದು ವಾಸನೆಯ ಗುಡ್ಡೆಯಲ್ಲ, ವಾಸನೆಯ ಗಡಿ. ಬ್ರೆಡ್ ಸುಡೋ ಬೀದಿ ಮುಗಿದು ಮೀನಿನ ಕಟ್ಟೆ ಶುರುವಾಗೋ ತಿರುವು ಇದೆಯಲ್ಲ, ಅಲ್ಲಿ ನನಗೆ ಊರು ಕಾಣತ್ತೆ. ನಡೆದು ಸುತ್ತೋ ಊರಾದರೆ ಮೂಗಿಗೆ ಆಯಾಸವಿಲ್ಲ. ಒಂದು ಕಡೆ ಕೂರಿಸಿ ಮೂಸಿಸೋ ಊರಾದರೆ ಒಂದೇ ದಿನದ ಸರಕು.

ಗಾಳಿಪಟ
ಜಾದರ್‌ಗೆ ಎರಡು ಸಲ ಹೋಗಿದೀನಿ, ಯಾರೂ ಮಾತೇ ಎತ್ತಲಿಲ್ವಲ್ಲ!

ಆರ್ಗನ್ ಅಂದರೆ ಪೆಟ್ಟಿಗೆಯಲ್ಲ, ಕಡಲ ದಂಡೆಯ ಕಲ್ಲಿನ ಮೆಟ್ಟಿಲೇ ವಾದ್ಯ. ನಿಕೋಲಾ ಬಾಶಿಚ್ ಅನ್ನೋ ವಾಸ್ತುಶಿಲ್ಪಿ ಮಾಡಿದ್ದು, 2005ರಲ್ಲಿ. ಸುಮಾರು 70 ಮೀಟರ್ ಉದ್ದ, ಒಳಗೆ 35 ಕೊಳವೆ. ಅಲೆ ಕೆಳಗಿನಿಂದ ಕೊಳವೆಗೆ ನುಗ್ಗಿದಾಗ ಒಳಗಿನ ಗಾಳಿ ಮೇಲಕ್ಕೆ ದೂಡಿಕೊಂಡು ಸೀಟಿಯ ಹಾಗೆ ಊದತ್ತೆ. ಸಂಗೀತಗಾರ ಇಲ್ಲ, ಮೋಟಾರಿಲ್ಲ. ಮೇಲಿನ ಕಲ್ಲಲ್ಲಿ ತೂತುಗಳಿವೆ. ಅದರ ಮೇಲೆ ಅಂಗೈ ಇಡಿ. ಮೊದಲು ತಣ್ಣನೆ ಉಸಿರು ಅಂಗೈಗೆ ತಾಗತ್ತೆ, ಜೊತೆಗೇ ಸ್ವರ. ದೋಣಿ ಹಾದು ಹೋದರೆ ಕೆಲವು ಕ್ಷಣ ಏನೂ ಇಲ್ಲ, ಆಮೇಲೆ ಅದರ ಅಲೆ ಬಂದು ತಲುಪಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವರಗಳು ಓಡ್ತವೆ. ನಾನು ಕಣ್ಣು ಮುಚ್ಚಿ ಕೂತಿದ್ದೆ, ದೋಣಿ ಯಾವ ಕಡೆಯಿಂದ ಯಾವ ಕಡೆಗೆ ಹೋಯ್ತು ಅಂತ ಹೇಳಬಹುದಿತ್ತು.

ಸಂಜೆ ಹೋಗಿ, ಸೂರ್ಯಾಸ್ತಕ್ಕೆ. ಎಲ್ಲರೂ ಅದನ್ನೇ ಹೇಳೋದು.

ಕೋಲುಸಪ್ಪಳ
ಅಂಗೈ ಮೇಲೆ ಉಸಿರು, ದೋಣಿಯ ದಿಕ್ಕು. ನಾನು ಕೇಳ್ತಿದ್ದದ್ದು ಇದನ್ನೇ. ಒಂದೇ ಜಾಗದಲ್ಲಿ ಕೈಗೂ ಕಿವಿಗೂ ಒಂದೇ ಸುದ್ದಿ ಸಿಕ್ಕರೆ ಯಾರೂ ವಿವರಿಸೋದು ಬೇಡ.

ಆದರೆ ಸೂರ್ಯಾಸ್ತ ಬೇಡವೇ ಬೇಡ. ಮೂರು ಕಾರಣ ಒಟ್ಟಿಗೆ ಬರ್ತವೆ. ಕೆಳಗಿಳಿದ ಸೂರ್ಯ ನೀರಿನ ಮೇಲಿಂದ ನೇರ ಕಣ್ಣಿಗೆ ಕುಕ್ಕತ್ತೆ. ಮುಳುಗಿದ ಕೂಡಲೇ ನಮ್ಮಂಥವರಿಗೆ ಕತ್ತಲು, ನಿಮ್ಮ ಹಾಗೆ ಮುಕ್ಕಾಲು ಗಂಟೆ ಸಂಜೆ ಬೆಳಕು ಅನ್ನೋದು ಇಲ್ಲ. ಜನ ತುಂಬಿ ಗಲಾಟೆ, ಸ್ವರ ಕೇಳಲ್ಲ. ಇನ್ನೊಂದು, ಆ ಮೆಟ್ಟಿಲು ನೇರ ನೀರಿಗೆ ಇಳಿಯತ್ತಾ? ಕಂಬಿ ಇದೆಯಾ?

ಗಾಳಿಪಟ
ನೇರ ನೀರಿಗೆ. ಕಂಬಿ ನೋಡಿದ ನೆನಪಿಲ್ಲ. ಕೆಳಗಿನ ಮೆಟ್ಟಿಲು ಒದ್ದೆ, ಪಾಚಿ ಕಟ್ಟಿರತ್ತೆ. ಜನ ಅಲ್ಲಿಂದಲೇ ಈಜೋಕೆ ಇಳೀತಾರೆ. ಕಲ್ಲೆಲ್ಲ ಬಿಳಿ.

ಕೋಲುಸಪ್ಪಳ
ಬಿಳಿ ಕಲ್ಲು, ಬಿಳಿ ಮೆಟ್ಟಿಲು, ಅಂಚಿಗೆ ಬಣ್ಣದ ಗೆರೆ ಇಲ್ಲ. ನಡು ಹಗಲಲ್ಲಿ ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅಂತ ನನ್ನ ಕಣ್ಣಿಗೆ ಗೊತ್ತಾಗಲ್ಲ. ಹಾಗಂತ ಬಿಡಬೇಕಿಲ್ಲ. ಮೊದಲ ದಿನ ಮೇಲಿನ ಸಮತಟ್ಟಾದ ಜಾಗದಲ್ಲೇ ಉದ್ದಕ್ಕೂ ನಡೆದು ಬನ್ನಿ, ನೀರಿನ ಕಡೆ ತಮ್ಮ ಇರಲಿ. ಎರಡನೇ ಸುತ್ತಿಗೆ ಅಕ್ಕ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿಯಲಿ, ಕೋಲಿನಿಂದ ಕೆಳಗಿನ ಮೆಟ್ಟಿಲಿನ ಆಳ ಮುಟ್ಟಿ ನೋಡಿಕೊಂಡು. ಒದ್ದೆ ಕಲ್ಲು ಕೈಗೆ ಸಿಕ್ಕಿತು ಅಂದರೆ ಅಲ್ಲಿಗೆ ನಿಲ್ಲಿಸೋದು. ಮರ್ಯಾದೆ ಪ್ರಶ್ನೆ ಏನಿಲ್ಲ, ಅಲ್ಲಿ ಎಲ್ಲರೂ ಕೂತೇ ಇರ್ತಾರಲ್ಲ.

ನೇರನುಡಿ
ಹೊತ್ತಿನ ಬಗ್ಗೆ ಒಂದು ತಕರಾರು. ಬೆಳಿಗ್ಗೆ ಹೋಗಿ ಅಂತ ಹೇಳೋದಿಕ್ಕೆ ಹೊರಟಿದ್ರೆ, ಏಡ್ರಿಯಾಟಿಕ್‌ನಲ್ಲಿ ಬೇಸಿಗೆ ಬೆಳಿಗ್ಗೆ ಕಡಲು ಕೆರೆಯ ಹಾಗಿರತ್ತೆ. ಅಲೆ ಇಲ್ಲದಿದ್ದರೆ ಆರ್ಗನ್ ಗೊರಕೆ ಹೊಡೆಯತ್ತೆ ಅಷ್ಟೇ. ಅಲ್ಲಿನವರು ಮಾಯೆಸ್ತ್ರಾಲ್ ಅನ್ನೋ ವಾಯವ್ಯದ ಗಾಳಿ ಮಧ್ಯಾಹ್ನದ ಹೊತ್ತಿಗೆ ಏರಿ ಸಂಜೆಗೆ ತಣ್ಣಗಾಗತ್ತೆ. ಕಿವಿಗೆ ಮಧ್ಯಾಹ್ನ ಬೇಕು, ಕಣ್ಣಿಗೆ ಬೆಳಿಗ್ಗೆ ಬೇಕು. ಎರಡೂ ಒಟ್ಟಿಗೆ ಸಿಗಲ್ಲ.

ಗಾಳಿಪಟ
ಬೆಳಿಗ್ಗೆ ಹಡಗು ಓಡಾಡೋವಾಗ ಅಲೆ ಬರತ್ತಲ್ಲ.

ನೇರನುಡಿ
ಬರತ್ತೆ, ಬಂದಾಗ. ಹಡಗಿನ ವೇಳಾಪಟ್ಟಿ ಹಿಡಿದು ಸಂಗೀತ ಕೇಳಬೇಕಾಗತ್ತೆ.

ಕೋಲುಸಪ್ಪಳ
ಅದೇನು ಕೆಟ್ಟದ್ದಲ್ಲ. ನಾನಾದರೆ ಮಧ್ಯಾಹ್ನ ಮೂರರ ನಂತರ, ಅಗಲ ಅಂಚಿನ ಟೋಪಿ, ಪಕ್ಕವೂ ಮುಚ್ಚೋ ಕಂದುಹಳದಿ ಕನ್ನಡಕ. ಕುಕ್ಕೋದು ಪೂರ್ತಿ ಹೋಗಲ್ಲ. ಅಲ್ಲಿ ಕೂತ ಮೇಲೆ ಕಣ್ಣು ಮುಚ್ಚಿಕೊಂಡರಾಯ್ತು.

ಕುಂಟುನೆಪ
ವಿಷಯಾಂತರಕ್ಕೆ ಕ್ಷಮಿಸಿ. ವಿಮಾನ ನಿಲ್ದಾಣದಲ್ಲಿ ಸಹಾಯ ಬೇಕು ಅಂತ ಬುಕಿಂಗ್‌ನಲ್ಲಿ ಹಾಕಿದ್ರೆ ಗಾಲಿಕುರ್ಚಿ ತಂದು ಕೂರು ಅಂತಾರಲ್ಲ, ನಿಮಗೆಲ್ಲ ಹಾಗಾಗಿದೆಯಾ? ನನ್ನ ಕಾಲು ಕಲ್ಲಿನ ಹಾಗಿವೆ, ಕಣ್ಣು ಮಾತ್ರ ಇಲ್ಲ. ಒಂದು ಸಲ ಕೂರಲ್ಲ ಅಂದಿದ್ದಕ್ಕೆ ಖಾಲಿ ಕುರ್ಚಿ ತಳ್ಳಿಕೊಂಡು ಪಕ್ಕದಲ್ಲೇ ಬಂದ, ಗೇಟ್‌ವರೆಗೂ.

ಕೋಲುಸಪ್ಪಳ
ಹಹ್ಹ! ನಾನು ಆ ಖಾಲಿ ಕುರ್ಚಿ ಮೇಲೆ ಬ್ಯಾಗ್ ಇಟ್ಟುಬಿಡ್ತೀನಿ. ಬುಕ್ ಮಾಡೋವಾಗ ಗಾಲಿಕುರ್ಚಿಯ ಬದಲು ದೃಷ್ಟಿ ತೊಂದರೆಯ ಕೋಡ್ ಹಾಕಿಸಿ, BLND ಅಂತ. ಆಮೇಲೂ ಕುರ್ಚಿ ಬಂದರೆ "ನಿಮ್ಮ ಮೊಣಕೈ ಕೊಡಿ ಸಾಕು" ಅನ್ನಿ. ಅರ್ಧ ಜನಕ್ಕೆ ಅರ್ಥ ಆಗತ್ತೆ.

ಸುಮ್ನೆ ಬಂದವ
ಮತ್ತೆ ಜಾದರ್ ಅಂದರೆ 70 ಮೀಟರ್ ಮೆಟ್ಟಿಲು. ಒಂದು ಗಂಟೆಗೆ ಮುಗೀತು. ಉಳಿದ ಒಂಬತ್ತು ದಿನ ಏನು ಮಾಡ್ತಾರೆ? ಇಗುವಾಸು ಇಗುವಾಸೇ.

ಗಾಳಿಪಟ
ಆರ್ಗನ್ ಬಿಟ್ಟು ಊರೂ ಇದೆಯಪ್ಪ! ಹಳೇ ಪಟ್ಟಣ ಕಡಲೊಳಗೆ ಚಾಚಿದ ನಾಲಿಗೆ, ಒಳಗೆ ಹೆಚ್ಚುಕಮ್ಮಿ ವಾಹನವೇ ಇಲ್ಲ. ರೋಮನ್ನರು ಹಾಕಿದ ಬೀದಿಗಳು, ಚದುರಂಗದ ಮನೆಗಳ ಹಾಗೆ ನೇರ ನೇರ ಕತ್ತರಿಸಿಕೊಳ್ತವೆ. ನುಣುಪು ಕಲ್ಲು, ಮಳೆ ಬಂದರೆ ಮಾತ್ರ ಜಾರತ್ತೆ. ಆ ನಡುವೆ ಒಂಬತ್ತನೇ ಶತಮಾನದ ಸೇಂಟ್ ಡೊನಾಟಸ್ ಅನ್ನೋ ದುಂಡಗಿನ ಚರ್ಚು, ಎತ್ತರ, ಒಳಗೆ ಬರಿದು. ಫೋರಂ ಅನ್ನೋ ರೋಮನ್ನರ ಹಳೇ ಚೌಕದ ಕಂಬದ ತುಂಡುಗಳನ್ನೇ ತಳಪಾಯಕ್ಕೆ ಹಾಕಿದಾರೆ, ಬಗ್ಗಿ ಮುಟ್ಟಬಹುದು. ಬೇಸಿಗೆಯಲ್ಲಿ ಅಲ್ಲಿ ಸಂಗೀತ ಕಚೇರಿಗಳೂ ನಡೀತವೆ, ಯಾಕಂದ್ರೆ ದನಿ ಹಾಗೆ ಮೊಳಗತ್ತೆ.

ಕೋಲುಸಪ್ಪಳ
ನೇರ ಬೀದಿಗಳಿದ್ದರೆ ಅರ್ಧ ಗೆದ್ದ ಹಾಗೆ. ಬಳಸಿ ಬಳಸಿ ಹೋಗೋ ಹಳೇ ಪೇಟೆಯಲ್ಲಿ ವಾಸನೆ ಸದ್ದು ಎಷ್ಟಿದ್ದರೂ ನಾನು ಜೊತೆಗೆ ಬಂದವರ ತೋಳಿಗೆ ನೇತಾಡಬೇಕು. ನೇರ ಬೀದಿಯಲ್ಲಿ, ಅಡ್ಡ ಬೀದಿ ಬಂದಾಗ ಪಕ್ಕದ ಗೋಡೆ ತೆರೆದುಕೊಳ್ಳತ್ತೆ. ಕೆನ್ನೆಗೆ ಗಾಳಿ ತಾಗತ್ತೆ, ಕೋಲಿನ ಸದ್ದು ಒಮ್ಮೆಗೆ ಅಗಲವಾಗತ್ತೆ. ಒಂದು, ಎರಡು, ಮೂರು ಅಂತ ಎಣಿಸಿಕೊಂಡು ಒಬ್ಬಳೇ ಹೋಗಿ ಬರಬಹುದು. ವಾಹನ ಇಲ್ಲ ಅಂದರೆ ಇನ್ನೂ ಒಳ್ಳೇದು. ಸದ್ದು ವಾಸನೆ ಎರಡೂ ಕೆಡಿಸೋದು ಅದೇ.

ಆ ದುಂಡು ಚರ್ಚಿಗೆ ಹೋದರೆ ನಡುವೆ ನಿಂತು ಒಂದೇ ಚಪ್ಪಾಳೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಇನ್ನೊಂದು. ಕಟ್ಟಡ ಎಷ್ಟು ಎತ್ತರ ಅಂತ ತಮ್ಮ ಹೇಳಬೇಕಿಲ್ಲ. ಹೊರಗೆ ಬಿಸಿಲು, ಒಳಗೆ ಮಬ್ಬು. ಬಾಗಿಲ ಬಳಿ ಒಂದೆರಡು ನಿಮಿಷ ನಿಂತು ಹೆಜ್ಜೆ ಇಡಿ, ಈ ಖಾಯಿಲೆಯ ಕಣ್ಣು ಹೊಂದಿಕೊಳ್ಳೋಕೆ ಹೊತ್ತು ಬೇಕು.

ಕಲ್ಲುಕುಟಿಗ
ನಾನು ಶಿಲ್ಪ ಮಾಡೋನು. ಮುಟ್ಟೋದರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ಅನ್ನಿಸ್ತು. ಜಾದರ್ ಎದುರು ದಡ ಯಾವುದು ನೋಡಿ: ಇಟಲಿಯ ಅಂಕೋನಾ. ಅಲ್ಲಿ ಮುಸೇಓ ಒಮೇರೋ ಅನ್ನೋ, ಮುಟ್ಟಿ ನೋಡೋ ಮ್ಯೂಸಿಯಂ ಇದೆ. 1993ರಲ್ಲಿ ಶುರುವಾದದ್ದು. ಇಬ್ಬರೂ ಅಂಧರಾದ ಗಂಡ-ಹೆಂಡತಿಯ ಕನಸು ಅದು. ಎಲ್ಲ ಮ್ಯೂಸಿಯಂಗೆ ಹೋಗಿ "ಮುಟ್ಟಬೇಡಿ" ಅನ್ನಿಸಿಕೊಂಡು ಸಾಕಾಗಿ ಮಾಡಿಸಿದ್ದು. ಕಡಲ ಅಂಚಿನ ಹಳೇ ಐದು ಮೂಲೆಯ ಕಟ್ಟಡದಲ್ಲಿದೆ. ಪ್ರಸಿದ್ಧ ಶಿಲ್ಪಗಳ ಅಚ್ಚುಗಳು, ಪಾರ್ಥೆನಾನ್ ಥರದ ಕಟ್ಟಡಗಳ ಮಾದರಿಗಳು, ಹೊಸಬರ ಅಸಲಿ ಶಿಲ್ಪಗಳು. ಎಲ್ಲವೂ ಬರಿಗೈಯಲ್ಲಿ.

"ಬರಿಗೈ" ಅನ್ನೋದನ್ನ ಒತ್ತಿ ಹೇಳ್ತೀನಿ. ಎಷ್ಟೋ ಮ್ಯೂಸಿಯಂನವರು ಸ್ಪರ್ಶ ಪ್ರವಾಸ ಅಂತ ಕರೆದು ಕೈಗವಸು ಕೊಡ್ತಾರೆ. ಕವಸಿನಲ್ಲಿ ಉಳಿಯ ಗುರುತು, ನಯ ಮಾಡಿದ ಕಡೆ, ಕಲ್ಲಿನ ತಂಪು ಒಂದೂ ಸಿಗಲ್ಲ, ಬರೇ ಉಬ್ಬು ತಗ್ಗು. ಮೊದಲೇ ಮೇಲ್ ಹಾಕಿ ಕೇಳಿ: ಬರಿಗೈಯಾ? ಪೂರ್ತಿ ಆಕೃತಿ ಕೈಗೆ ಎಟುಕತ್ತಾ? ಎಷ್ಟು ಹೊತ್ತು ಬಿಡ್ತೀರಿ?

ಹೊತ್ತು ಯಾಕೆ ಅಂದರೆ, ಕಣ್ಣು ಒಂದೇ ಏಟಿಗೆ ಇಡೀ ಮೂರ್ತಿ ಹಿಡಿಯತ್ತೆ, ಕೈ ತುಂಡು ತುಂಡಾಗಿ ಹಿಡಿದು ತಲೆಯಲ್ಲಿ ಜೋಡಿಸಬೇಕು. ನನ್ನ ಅಂಗಡಿಗೆ ಬಂದ ಅಂಧ ಹುಡುಗನೊಬ್ಬ ಮಂಡಿಯೂರಿದ ಒಂದು ಹೆಂಗಸಿನ ಮೂರ್ತಿ ಮುಟ್ಟಿದ. ಮೊದಲು ತಲೆಯಿಂದ ಪಾದದವರೆಗೆ ಎರಡೂ ಕೈಯಲ್ಲಿ ಸರ್ರನೆ ಸವರಿದ. ಆಮೇಲೆ ಎಡಗೈಯನ್ನ ಅವಳ ಭುಜದ ಮೇಲೆ ಇಟ್ಟು, ಅದನ್ನ ಕದಲಿಸದೆ, ಬಲಗೈ ಒಂದರಲ್ಲೇ ಮುಖಕ್ಕೆ ಹೋದ, ಮಂಡಿಗೆ ಹೋದ, ಮತ್ತೆ ಭುಜಕ್ಕೆ ಬಂದ. ಇಪ್ಪತ್ತು ನಿಮಿಷ. ಕೊನೆಗೆ ಕೇಳಿದ, "ಬೆನ್ನು ಬಾಗಿದೆ, ಆದರೆ ಕತ್ತು ಬಿಗಿದಿದೆ. ಇವಳು ಏಳೋಕೆ ಹೊರಟಿದಾಳಾ?" ನಾನು ಕೂರಿಸಿದೀನಿ ಅಂದುಕೊಂಡಿದ್ದೆ! ದಿನಕ್ಕೆ ಐದಾರು ಶಿಲ್ಪ ಸಾಕು. ಅದಕ್ಕಿಂತ ಹೆಚ್ಚಾದರೆ ಬೆರಳು ಮಂಕಾಗತ್ತೆ, ಮೂಗಿನ ಹಾಗೇ.

ಅಪ್ಪನ ಮಗಳು
ಒಂದು ಕೇಳ್ಲಾ? ಇಷ್ಟೆಲ್ಲ ನಾವೇ ಮಾತಾಡ್ತಿದೀವಿ, ಅಕ್ಕನ್ನ ಯಾರಾದರೂ ಕೇಳಿದ್ರಾ?

ತಿರುಗಾಟಗಾರ
ಸರಿಯಾಗಿ ಉಗಿದ್ರಿ. ನಿನ್ನೆ ರಾತ್ರಿ ಇದೆಲ್ಲ ಓದಿ ಹೇಳಿದೆ. ಅಂಗೈ ಮೇಲೆ ಉಸಿರು ಅನ್ನೋ ಕಡೆ ಇನ್ನೊಂದು ಸಲ ಓದಿಸಿದ್ಲು. ಆಮೇಲೆ ನಾನು ಎದುರು ನೋಡದ ಒಂದು ಪ್ರಶ್ನೆ: "ಎಲ್ಲ ಕಿವಿ ಮೂಗು ಅಂತೀರಲ್ಲ, ನನಗೆ ಇನ್ನೂ ಉಳಿದಿರೋ ಚೂರು ಕಣ್ಣಿಗೆ ಅಲ್ಲಿ ಏನಿದೆ? ಅದು ಇರೋವರೆಗೆ ಅದಕ್ಕೂ ಏನಾದರೂ ಹಾಕಬೇಡ್ವಾ?" ನನ್ನ ಹತ್ರ ಉತ್ತರ ಇರಲಿಲ್ಲ.

ಗಾಳಿಪಟ
ಇದೆ! ಆರ್ಗನ್ ಪಕ್ಕದಲ್ಲೇ ಅದೇ ಬಾಶಿಚ್ ಮಾಡಿದ "ಸೂರ್ಯನಿಗೆ ನಮಸ್ಕಾರ" ಅನ್ನೋದು. ನೆಲಕ್ಕೆ ಸಮನಾಗಿ ಹಾಕಿದ ಗಾಜಿನ ವೃತ್ತ, 22 ಮೀಟರ್ ಅಗಲ, 300 ಫಲಕ. ಹಗಲಿಡೀ ಬಿಸಿಲು ಹೀರಿ ಕತ್ತಲಾದ ಮೇಲೆ ಕಾಲ ಕೆಳಗೆ ಬಣ್ಣ ಬಣ್ಣವಾಗಿ ಬೆಳಗತ್ತೆ. ಜನ ಅದರ ಮೇಲೆ ನಡೆದಾಡ್ತಾರೆ.

ಕೋಲುಸಪ್ಪಳ
ರಾತ್ರಿ, ಸುತ್ತ ಕಪ್ಪು, ಕೆಳಗೆ ಬೆಳಕು. ಕೊಳವೆ ದೃಷ್ಟಿಗೆ ಹಗಲಿಗಿಂತ ಅದು ಹಿಡಿಸಬಹುದು. ದೂರ ನಿಂತು ನೋಡಲಿ. ದೂರ ಹೋದಷ್ಟೂ ಕೊಳವೆಯೊಳಗೆ ಹೆಚ್ಚು ತುಂಬತ್ತೆ. ಆಮೇಲೆ ಮೇಲೆ ಹೋಗಿ ನಿಲ್ಲಲಿ. ಆದರೆ ಅಲ್ಲಿಗೆ ಹೋಗೋ ಕತ್ತಲ ದಾರಿಯನ್ನ ಹಗಲಲ್ಲೇ ಒಂದು ಸಲ ನಡೆದಿರಬೇಕು, ಕಡಲ ಅಂಚು ಹತ್ತಿರದಲ್ಲೇ ಇದೆ ಅಂತ ಮರೀಬೇಡಿ. ನನ್ನ ಕಣ್ಣಿನಲ್ಲಿ ಈಗ ಬೆಳಕು ಮಾತ್ರ ಉಳಿದಿರೋದು. ಅಕ್ಕನ ಪ್ರಶ್ನೆ ನಾನೇ ಕೇಳಬೇಕಿತ್ತು, ಬಿಟ್ಟೆ.

ಮೂಗುತಿ
ನಾಲಿಗೆಯ ಕಥೆ ಏನು? ಹೋಟೆಲಲ್ಲಿ ಕೂತು ತಿನ್ನೋದು ಎಲ್ಲಿಯಾದರೂ ಸಿಗತ್ತೆ. ಜಾದರ್ ಹತ್ತಿರ ನಿನ್ ಅಂತ ಊರು, ಅಲ್ಲಿ ಉಪ್ಪಿನಗದ್ದೆಗಳಿವೆ, ಈಗಲೂ ಕೈಯಲ್ಲೇ ಉಪ್ಪು ಎಳೀತಾರೆ. ಒದ್ದೆ ಉಪ್ಪು ಬೆರಳಲ್ಲಿ ಹಿಸುಕಿ, ಅದನ್ನೇ ನಾಲಿಗೆಗೆ ಇಟ್ಟು, ಅದೇ ಹೊತ್ತಿಗೆ ಮೂಗಿಗೆ ಕಡಲ ಕೆಸರಿನ ವಾಸನೆ. ಅದಾದ ಮೇಲೆ ಪಾಗ್ ದ್ವೀಪದ ಕುರಿ ಹಾಲಿನ ಚೀಸ್. ಉಪ್ಪು ಗಾಳಿ ಹೊಡೆಯೋ ಬಂಡೆ ಮೇಲಿನ ಗಿಡ ಮೇಯೋ ಕುರಿಗಳು ಅವು. ರುಚಿ ಎಲ್ಲಿಂದ ಬಂತು ಅಂತ ಮೊದಲು ಕೈಗೆ ಮೂಗಿಗೆ ಗೊತ್ತಾಗಿ ಆಮೇಲೆ ಬಾಯಿಗೆ ಬಂದರೆ ಮರೆಯಲ್ಲ.

ಸುಮ್ನೆ ಬಂದವ
ಸರಿ ಸರಿ, ಜಾದರ್‌ಗೆ ಹೋಗಿ. ಮುಂದಿನ ಸಲ ಇಗುವಾಸು. ಚೆಂಡಿನ ತುದಿ ಹಾಕಿಸಿಕೊಂಡು.

ತಿರುಗಾಟಗಾರ
ಜಾದರ್ ಅಂತ ನಿರ್ಧಾರ ಆಯ್ತು, ಆರು ದಿನ. ಹಳೇ ಪಟ್ಟಣದ ಒಳಗೇ ಮನೆ, ಒಂದೇ ಕಡೆ. ಅಕ್ಕ ಮೂರನೇ ದಿನದಿಂದ ಬೆಳಿಗ್ಗೆ ಒಬ್ಬಳೇ ಬ್ರೆಡ್ ತರ್ತಾಳಂತೆ, ನಾನು ಹಿಂದೆ ಬರಕೂಡದಂತೆ. ಆಮೇಲೆ ಮೂರು ದಿನ ಅಂಕೋನಾ.

ಉಳಿದಿರೋ ತಲೆನೋವು ಎರಡು. ಜಾದರ್-ಅಂಕೋನಾ ಹಡಗು ಎಲ್ಲ ವರ್ಷ, ಎಲ್ಲ ತಿಂಗಳು ಇರಲ್ಲ ಅಂತ ಕಾಣತ್ತೆ. ಇದ್ದರೂ ರಾತ್ರಿಯದ್ದಾದರೆ ಅಕ್ಕನಿಗೆ ಕತ್ತಲಲ್ಲಿ ಹಡಗಿನ ಮೆಟ್ಟಿಲು. ಇನ್ನೊಂದು, ಆರ್ಗನ್‌ಗೆ ಮಧ್ಯಾಹ್ನವೋ ಬೆಳಿಗ್ಗೆಯೋ ಇನ್ನೂ ಬಗೆಹರಿದಿಲ್ಲ.

ನೇರನುಡಿ
ಮಧ್ಯಾಹ್ನ.

ಗಾಳಿಪಟ
ಬೆಳಿಗ್ಗೆ, ಹಡಗಿನ ಹೊತ್ತಿಗೆ.

ಕೋಲುಸಪ್ಪಳ
ಆರು ದಿನ ಇದೆಯಲ್ಲ, ಎರಡೂ ಹೊತ್ತು ಹೋಗಿ, ಹೇಗಿತ್ತು ಅಂತ ಇಲ್ಲಿ ಬರೀರಿ. ರಾತ್ರಿ ಹಡಗಾದರೆ ಕ್ಯಾಬಿನ್ ಮೆಟ್ಟಿಲಿಗೆ ಹತ್ತಿರದ್ದು ಕೇಳಿ. ಹತ್ತಿದ ಕೂಡಲೇ ಕ್ಯಾಬಿನ್‌ನಿಂದ ಶೌಚಾಲಯಕ್ಕೆ, ಅಲ್ಲಿಂದ ಡೆಕ್ಕಿಗೆ ಎರಡು ಸಲ ನಡೆಸಿ. ಬಾಗಿಲ ಹೊಸ್ತಿಲು ಎತ್ತರ ಇರತ್ತೆ, ಕೋಲು ಅದಕ್ಕೆ ಬಡಿಯೋ ಸದ್ದು ನೆನಪಿಟ್ಟುಕೊಳ್ಳಲಿ. ಮತ್ತೆ ಕೋಲಿನ ತುದಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ, ಕಲ್ಲಿನ ಊರಲ್ಲಿ ಬೇಗ ಸವೆಯತ್ತೆ.

ಕುಂಟುನೆಪ
ಮತ್ತೆ ಆ ಖಾಲಿ ಕುರ್ಚಿ ಬಂದರೆ ಬ್ಯಾಗ್ ಇಟ್ಟುಬಿಡಿ.